ಕೊಹೆರೆಂಟ್ ರಿಸೀವರ್: ಸ್ಕೋಪ್‌ನ ಕಚ್ಚಾ ಡೇಟಾದಿಂದ ನಾಲ್ಕು ಚುಕ್ಕಿಯ ತನಕ, ಹಂತ ಹಂತವಾಗಿ

ಕೊಹೆರೆಂಟ್ ರಿಸೀವರ್ ಜೋಡಿಸಿದ್ದಾಯಿತು, ಸ್ಕೋಪ್‌ನಲ್ಲಿ ನಾಲ್ಕು ಚಾನೆಲ್ ಕುಣಿಯುತ್ತಿವೆ, ಫೈಲ್ ಸೇವ್ ಆಗಿದೆ. ಪ್ರೋಗ್ರಾಂ ಓಡಿಸಿದರೆ ಮಾತ್ರ ನಾಲ್ಕು ಚುಕ್ಕಿಯ ಬದಲು ಒಂದು ಮೋಡ ಬರುತ್ತದೆ. ಇಲ್ಲವೇ ಚುಕ್ಕಿಗಳು ಚೆಂದ ಬಂದರೂ ಅರ್ಧ ಬಿಟ್‌ಗಳು ತಪ್ಪು. ಈ ಎರಡು ತೊಂದರೆ ಹೇಳಿಕೊಂಡು ಬರುವವರೇ ಜಾಸ್ತಿ. ಬಹಳಷ್ಟು ಸಲ ಅಲ್ಗಾರಿದಂ ತಪ್ಪಿರುವುದಿಲ್ಲ. ಹಂತಗಳ ಕ್ರಮ ತಪ್ಪಿರುತ್ತದೆ, ಅಥವಾ ಒಂದು ಹಂತ ಸರಿಯಾಯಿತೋ ಇಲ್ಲವೋ ನೋಡದೆ ಮುಂದಿನದಕ್ಕೆ ಹೋಗಿರುತ್ತಾರೆ.

ಅದಕ್ಕೇ ಇಲ್ಲಿ ಒಂದೇ ಒಂದು ಪ್ರಕರಣ ಹಿಡಿದು ಮೊದಲಿಂದ ಕೊನೆ ತನಕ ಹೋಗೋಣ. ಸಿಗ್ನಲ್ ಎರಡು ಪೋಲರೈಸೇಶನ್‌ಗಳ ಕ್ಯೂಪಿಎಸ್‌ಕೆ, ಸೆಕೆಂಡಿಗೆ 28 ಗಿಗಾ ಸಿಂಬಲ್. ಪ್ರತಿ ಪೋಲರೈಸೇಶನ್‌ಗೆ ಸಿಂಬಲ್‌ಗೆ 2 ಬಿಟ್, ಎರಡೂ ಸೇರಿ 4. ಒಟ್ಟು 112 ಗಿಗಾಬಿಟ್. ದಾರಿ 80 ಕಿಲೋಮೀಟರಿನ 10 ತುಂಡು, ಅಂದರೆ 800 ಕಿಲೋಮೀಟರ್ ಸಾಮಾನ್ಯ ಸಿಂಗಲ್ ಮೋಡ್ ಫೈಬರ್. ನಡುವೆ ಇಡಿಎಫ್‌ಎ ಆಂಪ್ಲಿಫೈಯರ್‌ಗಳಿವೆ, ಡಿಸ್ಪರ್ಶನ್ ಸರಿಪಡಿಸುವ ಫೈಬರ್ ಎಲ್ಲೂ ಇಲ್ಲ. ಆ ಕೆಲಸವೆಲ್ಲ ಪ್ರೋಗ್ರಾಂನದ್ದೇ.

## ಏನೇನು ಬೇಕು

ನಾಲ್ಕು ಔಟ್‌ಪುಟ್ ಇರುವ ಕೊಹೆರೆಂಟ್ ರಿಸೀವರ್ ಬೇಕು. ಅದರೊಳಗೆ ಪೋಲರೈಸೇಶನ್ ಬೇರ್ಪಡಿಸುವ ಭಾಗ, ಎರಡು 90 ಡಿಗ್ರಿ ಹೈಬ್ರಿಡ್, ನಾಲ್ಕು ಜೋಡಿ ಬ್ಯಾಲೆನ್ಸ್ಡ್ ಫೋಟೋಡಯೋಡ್ ಇರುತ್ತವೆ. ಔಟ್‌ಪುಟ್‌ಗಳಿಗೆ `XI`, `XQ`, `YI`, `YQ` ಎಂಬ ಹೆಸರು ಇಟ್ಟುಕೊಳ್ಳಿ. ಅವುಗಳ ಕೇಬಲ್‌ಗಳಿಗೆ ಚೀಟಿ ಅಂಟಿಸಿ, ಆಮೇಲೆ ಅದಲುಬದಲು ಮಾಡಬೇಡಿ.

ಲೋಕಲ್ ಆಸಿಲೇಟರ್ ಆಗಿ ಸುಮಾರು 100 ಕಿಲೋಹರ್ಟ್ಜ್ ಲೈನ್‌ವಿಡ್ತ್ ಇರುವ, ತರಂಗಾಂತರ ಬದಲಿಸಬಹುದಾದ ಲೇಸರ್ ಬೇಕು. ಕಳಿಸುವ ಕಡೆಯೂ ಅಂಥದ್ದೇ ಇರಲಿ. ಸ್ಕೋಪ್‌ನ ನಾಲ್ಕೂ ಚಾನೆಲ್ ಒಟ್ಟಿಗೆ 80 ಗಿಗಾ ಸ್ಯಾಂಪಲ್ ತೆಗೆಯುವಂತಿರಬೇಕು, ಬ್ಯಾಂಡ್‌ವಿಡ್ತ್ 20 ಗಿಗಾಹರ್ಟ್ಜ್‌ಗಿಂತ ಕಡಿಮೆ ಇರಬಾರದು. ಇದರ ಜೊತೆಗೆ ಒಂದು ಪೋಲರೈಸೇಶನ್ ಕಂಟ್ರೋಲರ್, ಆಪ್ಟಿಕಲ್ ಸ್ಪೆಕ್ಟ್ರಂ ಅನಲೈಸರ್, ಪೈಥಾನ್ ಇರುವ ಕಂಪ್ಯೂಟರ್.

ಒಂದು ಸಲಕ್ಕೆ ಚಾನೆಲ್‌ಗೆ 4,00,000 ಸ್ಯಾಂಪಲ್ ಹಿಡಿಯಿರಿ. ಅದು 5 ಮೈಕ್ರೋಸೆಕೆಂಡ್, ಅಂದರೆ 1,40,000 ಸಿಂಬಲ್. ಕಳಿಸುವ ಕಡೆಯ 10 ಮೆಗಾಹರ್ಟ್ಜ್ ರೆಫರೆನ್ಸನ್ನು ಸ್ಕೋಪ್‌ಗೂ ಕೊಟ್ಟರೆ ಐದನೇ ಹಂತದ ತಲೆನೋವು ಬಹುಪಾಲು ಹೋಗುತ್ತದೆ.

ಇನ್ನೊಂದು ಮಾತು. ಮೊದಲ ಡೇಟಾ 800 ಕಿಲೋಮೀಟರಿನದ್ದು ಆಗಿರಬಾರದು. ಕಳಿಸುವ ಕಡೆಯನ್ನು ರಿಸೀವರ್‌ಗೆ ನೇರ ಜೋಡಿಸಿ, ಫೈಬರ್ ಇಲ್ಲದೆ ಒಂದು ಫೈಲ್ ತೆಗೆದುಕೊಳ್ಳಿ. ಅದರಲ್ಲಿ ಚುಕ್ಕಿ ಬಾರದಿದ್ದರೆ ಫೈಬರ್ ಹಾಕಿ ಹುಡುಕುವುದು ಸುಮ್ನೆ ಕಾಲಹರಣ.

## ಕ್ರಮ ಯಾಕೆ ಬದಲಾಗಬಾರದು

ಕ್ರಮ ಇದು: ಸ್ಕ್ಯೂ ಸರಿಪಡಿಸು, `I` ಮತ್ತು `Q` ಅನ್ನು ಲಂಬವಾಗಿಸು, ಒರಟಾಗಿ ಫ್ರೀಕ್ವೆನ್ಸಿ ಜರುಗಿಸು, ಡಿಸ್ಪರ್ಶನ್ ತೆಗೆ, ಟೈಮಿಂಗ್ ನೋಡು, ಪೋಲರೈಸೇಶನ್ ಬಿಡಿಸು, ಉಳಿದ ಫ್ರೀಕ್ವೆನ್ಸಿ ತೆಗೆ, ಫೇಸ್ ತೆಗೆ, ಬಿಟ್ ಎಣಿಸು.

ಸ್ಕ್ಯೂ ಮೊದಲು ಯಾಕೆ ಎಂದರೆ ಅದು `I` ತಂತಿಗೂ `Q` ತಂತಿಗೂ ಇರುವ ಸಮಯದ ವ್ಯತ್ಯಾಸ. ಡಿಸ್ಪರ್ಶನ್ ಫಿಲ್ಟರ್ ಒಂದು ಕಾಂಪ್ಲೆಕ್ಸ್ ಫಿಲ್ಟರ್, ಅದು `I` ಮತ್ತು `Q` ಎರಡನ್ನೂ ಒಂದರೊಳಗೊಂದು ಬೆರೆಸುತ್ತದೆ. ಬೆರೆತ ಮೇಲೆ ಯಾವ ತಂತಿ ಮುಂದಿತ್ತು, ಯಾವುದು ಹಿಂದಿತ್ತು ಎಂದು ಹುಡುಕಿ ಸರಿಮಾಡುವುದು ಬಹಳ ಕಷ್ಟ. ಇನ್ನೊಂದು ತುದಿಯಲ್ಲಿ ಫ್ರೀಕ್ವೆನ್ಸಿ ಮತ್ತು ಫೇಸ್ ಕೊನೆಗೆ ಬರುತ್ತವೆ, ಯಾಕೆಂದರೆ ಅವುಗಳ ಲೆಕ್ಕಕ್ಕೆ ಒಂದೊಂದಾಗಿ ಬಿಡಿಸಿದ ಸಿಂಬಲ್ ಬೇಕು.

## ಹಂತ 1: ಸ್ಕ್ಯೂ ಅಳೆದು ತೆಗೆಯುವುದು

ಹೆಚ್ಚಿನವರು ಹಾರಿಸುವ ಹಂತ ಇದೇ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಸಿಂಬಲ್ ಉದ್ದ 35.7 ಪಿಕೋಸೆಕೆಂಡ್. ಕೋಆಕ್ಸಿಯಲ್ ಕೇಬಲ್‌ನಲ್ಲಿ ಸಿಗ್ನಲ್ 1 ಮಿಲಿಮೀಟರ್ ಹೋಗಲು ಸುಮಾರು 5 ಪಿಕೋಸೆಕೆಂಡ್ ಬೇಕು. ಒಂದೇ ಅಳತೆಯದು ಎಂದು ಕೊಂಡ ನಾಲ್ಕು ಕೇಬಲ್‌ಗಳಲ್ಲೂ 1–2 ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ರಿಸೀವರ್ ಒಳಗಿನ ವ್ಯತ್ಯಾಸ ಅದರ ಮೇಲೆ ಸೇರುತ್ತದೆ.

ಅಳೆಯುವ ವಿಧಾನ ಸುಲಭ. ಮಾಡ್ಯುಲೇಶನ್ ಇಲ್ಲದ ಲೇಸರನ್ನು ಸಿಗ್ನಲ್ ದಾರಿಗೆ ಕೊಡಿ. ಅದರ ಫ್ರೀಕ್ವೆನ್ಸಿ ಲೋಕಲ್ ಆಸಿಲೇಟರ್‌ಗಿಂತ ಸ್ವಲ್ಪ ಕೆಳಗಿರಲಿ. ಪೋಲರೈಸೇಶನ್ ಕಂಟ್ರೋಲರ್ ತಿರುಗಿಸಿ, `X` ಮತ್ತು `Y` ಎರಡರಲ್ಲೂ ಹೆಚ್ಚುಕಡಿಮೆ ಸಮ ಸಿಗ್ನಲ್ ಬರುವಂತೆ ಮಾಡಿ. ಈಗ ಸ್ಕೋಪ್‌ನಲ್ಲಿ ನಾಲ್ಕು ಸೈನ್ ಅಲೆ ಕಾಣುತ್ತವೆ. ಲೇಸರನ್ನು ಜರುಗಿಸುತ್ತ, ಬೀಟ್ ಫ್ರೀಕ್ವೆನ್ಸಿ 2, 6, 10 ಗಿಗಾಹರ್ಟ್ಜ್ ಹೀಗೆ ಹಲವು ಕಡೆ ಫೈಲ್ ತೆಗೆದುಕೊಳ್ಳಿ. ಪ್ರತಿ ಫೈಲ್‌ನಲ್ಲೂ `XI`ಗೆ ಹೋಲಿಸಿ ಉಳಿದ ಮೂರರ ಫೇಸ್ ಬರೆದುಕೊಳ್ಳಿ.

ಉದಾಹರಣೆಗೆ `XQ` ಲೆಕ್ಕ ಹೀಗೆ ಬಂತು ಎಂದುಕೊಳ್ಳಿ: 2 ಗಿಗಾಹರ್ಟ್ಜ್‌ನಲ್ಲಿ 94.3 ಡಿಗ್ರಿ, 6ರಲ್ಲಿ 103, 10ರಲ್ಲಿ 111.6. ಗೆರೆ ಎಳೆದರೆ ಪ್ರತಿ ಗಿಗಾಹರ್ಟ್ಜ್‌ಗೆ 2.16 ಡಿಗ್ರಿ ಏರುತ್ತಿದೆ. 1 ಗಿಗಾಹರ್ಟ್ಜ್‌ನಲ್ಲಿ 1 ಪಿಕೋಸೆಕೆಂಡ್ ಅಂದರೆ 0.36 ಡಿಗ್ರಿ. ಹಾಗಾಗಿ ವ್ಯತ್ಯಾಸ 6 ಪಿಕೋಸೆಕೆಂಡ್. ಗೆರೆ ಮೇಲೇರುತ್ತಿರುವುದರಿಂದ `XQ` ಮುಂದಿದೆ, ಅದನ್ನು 6 ಪಿಕೋಸೆಕೆಂಡ್ ತಡಮಾಡಬೇಕು. ಸ್ಕೋಪ್‌ನ ಒಂದು ಸ್ಯಾಂಪಲ್ 12.5 ಪಿಕೋಸೆಕೆಂಡ್ ಇರುವುದರಿಂದ ಸ್ಯಾಂಪಲ್ ಜರುಗಿಸಿದರೆ ಕೆಲಸ ಆಗುವುದಿಲ್ಲ. ಫ್ರೀಕ್ವೆನ್ಸಿಯ ಕಡೆಯಿಂದಲೇ ಮಾಡಬೇಕು:

```python
def delay(s, tau, fs):
    f = np.fft.fftfreq(len(s), 1/fs)
    return np.fft.ifft(np.fft.fft(s)*np.exp(-2j*np.pi*f*tau)).real
```

ಅದೇ ಗೆರೆಯನ್ನು ಸೊನ್ನೆ ಗಿಗಾಹರ್ಟ್ಜ್ ತನಕ ಹಿಂದಕ್ಕೆ ಎಳೆದರೆ 90 ಡಿಗ್ರಿಯಲ್ಲಿ ನಿಲ್ಲುತ್ತದೆ. ಈ ಅಂಕಿ ಎರಡು ವಿಷಯ ಹೇಳುತ್ತದೆ. 90ರ ಬದಲು 86 ಅಥವಾ 93 ಬಂದರೆ ಹೈಬ್ರಿಡ್ ಸರಿಯಾಗಿ 90 ಡಿಗ್ರಿ ಇಲ್ಲ ಎಂದು ಅರ್ಥ, ಅದನ್ನು ಮುಂದಿನ ಹಂತ ನೋಡಿಕೊಳ್ಳುತ್ತದೆ. ಲೇಸರ್ ಲೋಕಲ್ ಆಸಿಲೇಟರ್‌ಗಿಂತ ಕೆಳಗಿದ್ದೂ +90 ಬದಲು −90 ಬಂದರೆ `Q` ತಲೆಕೆಳಗಾಗಿದೆ. ಹೆಚ್ಚಾಗಿ ಹೀಗಾಗುವುದು `I` ಮತ್ತು `Q` ಕೇಬಲ್ ಅದಲುಬದಲಾದಾಗ. ಈಗಲೇ ಸರಿಮಾಡಿಕೊಳ್ಳಿ, ನಾಲ್ಕನೇ ಹಂತದಲ್ಲಿ ಇದೇ ಕಾಡುತ್ತದೆ.

`X` ಮತ್ತು `Y` ನಡುವೆ ಸೊನ್ನೆಯಲ್ಲಿ ಬರುವ ಅಂಕಿಗೆ ಅರ್ಥ ಇಲ್ಲ, ಅದು ಪೋಲರೈಸೇಶನ್ ಹೇಗಿದೆಯೋ ಹಾಗೆ ಬದಲಾಗುತ್ತದೆ. ಅಲ್ಲಿ ಗೆರೆಯ ಓರೆ ಮಾತ್ರ ನೋಡಿ. ಅಳತೆ ನಡೆಯುವಾಗ ಪೋಲರೈಸೇಶನ್ ಕಂಟ್ರೋಲರ್ ಮುಟ್ಟಬೇಡಿ, ಫೈಬರ್ ಅಲ್ಲಾಡಿಸಬೇಡಿ.

ಎಚ್ಚರಿಕೆಯ ಗುರುತು: ಬಿಂದುಗಳು ಸರಳ ಗೆರೆಯ ಮೇಲೆ ಕೂರದೆ ಅಂಕುಡೊಂಕಾಗಿದ್ದರೆ ಯಾವುದೋ ಕನೆಕ್ಟರ್ ಸಡಿಲವಾಗಿದೆ. ಟಾರ್ಕ್ ವ್ರೆಂಚ್ ಹಿಡಿದು ಬಿಗಿಮಾಡಿ, ಮತ್ತೆ ಅಳೆಯಿರಿ. ಕೇಬಲ್ ಬಿಚ್ಚಿ ಹಾಕಿದಾಗಲೆಲ್ಲ ಈ ಹಂತ ಹೊಸದಾಗಿ ಮಾಡಬೇಕು.

## ಹಂತ 2: ಡೇಟಾ ಹಿಡಿಯುವುದು, `I` ಮತ್ತು `Q` ಲಂಬವಾಗಿಸುವುದು

ಈಗ ನಿಜವಾದ ಸಿಗ್ನಲ್ ಹಾಕಿ. ಸ್ಕೋಪ್‌ನ ಲಂಬ ಸ್ಕೇಲನ್ನು ಪ್ರತಿ ಚಾನೆಲ್‌ಗೂ ಬೇರೆಬೇರೆಯಾಗಿ ಹೊಂದಿಸಿ, ಅಲೆ ಪರದೆಯ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತುಂಬಲಿ. ಇಂಥ ವೇಗದಲ್ಲಿ 8 ಬಿಟ್ ಸ್ಕೋಪ್ ಕೊಡುವುದು 5 ಬಿಟ್‌ನಷ್ಟು ನಿಖರತೆ. ಅಲೆಯನ್ನು ಅರ್ಧ ಪರದೆಯಲ್ಲಿ ಬಿಟ್ಟರೆ ಅದರಲ್ಲೂ ಒಂದು ಬಿಟ್ ಹೋಯಿತು. ಮೇಲೆ ಕೆಳಗೆ ಕತ್ತರಿಸಿದಂತೆ ಆದರೂ ಆಗದು.

ಸ್ಕ್ಯೂ ತೆಗೆದ ಮೇಲೆ ಪ್ರತಿ ಚಾನೆಲ್‌ನ ಸರಾಸರಿ ಕಳೆಯಿರಿ. ಆಮೇಲೆ `Q` ಒಳಗೆ ಸೇರಿಕೊಂಡಿರುವ `I` ಪಾಲನ್ನು ತೆಗೆದು ಎರಡನ್ನೂ ಒಂದೇ ಅಳತೆಗೆ ತನ್ನಿ. ಇದಕ್ಕೆ ಗ್ರಾಂ-ಶ್ಮಿಟ್ ವಿಧಾನ ಎನ್ನುತ್ತಾರೆ:

```python
I -= I.mean(); Q -= Q.mean()
I /= I.std(); Q /= Q.std()
Q -= np.mean(I*Q)*I
Q /= Q.std()
s = (I + 1j*Q)/np.sqrt(2)
```

ಎರಡನೇ ಸಾಲು ಮುಗಿದ ಕೂಡಲೇ `np.mean(I*Q)` ಎಷ್ಟು ಬಂತು ಎಂದು ಒಮ್ಮೆ ಪ್ರಿಂಟ್ ಮಾಡಿ ನೋಡಿ. `Q`ವನ್ನೂ ಒಂದರ ಅಳತೆಗೆ ತಂದ ಮೇಲೆ ಅದು 0.05 ಎಂದರೆ ಸುಮಾರು 3 ಡಿಗ್ರಿ ತಪ್ಪು, ಚಿಂತೆ ಇಲ್ಲ. 0.3 ಬಂದರೆ ಅದು ಹೈಬ್ರಿಡ್‌ನ ತಪ್ಪಲ್ಲ, ಕೇಬಲ್ ಜೋಡಣೆಯಲ್ಲೇ ಏನೋ ಆಗಿದೆ. ಇಲ್ಲಿ ಗ್ರಾಂ-ಶ್ಮಿಟ್ ಅದನ್ನು ಮುಚ್ಚಿಹಾಕುತ್ತದೆ ಅಷ್ಟೇ, ಸರಿಮಾಡುವುದಿಲ್ಲ.

## ಹಂತ 3: ಒರಟಾಗಿ ಫ್ರೀಕ್ವೆನ್ಸಿ ಜರುಗಿಸುವುದು

ಎರಡು ಲೇಸರ್‌ಗಳ ಫ್ರೀಕ್ವೆನ್ಸಿ ಎಂದೂ ಒಂದೇ ಇರುವುದಿಲ್ಲ. ಪರದೆಯಲ್ಲಿ ಒಂದೇ ತರಂಗಾಂತರ ತೋರಿಸಿದರೂ ಒಂದೆರಡು ಗಿಗಾಹರ್ಟ್ಜ್ ದೂರ ಇರಬಹುದು. ಕಾಂಪ್ಲೆಕ್ಸ್ ಸಿಗ್ನಲ್‌ನ ಸ್ಪೆಕ್ಟ್ರಂ ಬಿಡಿಸಿ ನೋಡಿ. ಗುಡ್ಡದ ನಡುಭಾಗ ಸೊನ್ನೆಯಿಂದ ಎಷ್ಟು ಜರುಗಿದೆಯೋ ಅಷ್ಟನ್ನು ಹಿಂದಕ್ಕೆ ಜರುಗಿಸಿ. 1 ಗಿಗಾಹರ್ಟ್ಜ್ ಒಳಗೆ ಬಂದರೆ ಈಗ ಸಾಕು.

ಸುಮ್ನೆ ಕಣ್ಣಳತೆಯಲ್ಲಿ ಮಾಡುವ ಈ ಕೆಲಸ ಯಾಕೆ ಮುಖ್ಯ ಎಂದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 4: ಡಿಸ್ಪರ್ಶನ್ ತೆಗೆಯುವುದು

ಈ ಫೈಬರ್‌ನ ಡಿಸ್ಪರ್ಶನ್ 1550 ನ್ಯಾನೋಮೀಟರ್ ಹತ್ತಿರ ಕಿಲೋಮೀಟರಿಗೆ, ನ್ಯಾನೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್. 800 ಕಿಲೋಮೀಟರಿಗೆ 13,600. ನಮ್ಮ ಸಿಗ್ನಲ್‌ನ ಅಗಲ 28 ಗಿಗಾಹರ್ಟ್ಜ್, ಅಂದರೆ ಸುಮಾರು 0.22 ನ್ಯಾನೋಮೀಟರ್. ಗುಣಿಸಿದರೆ 3,000 ಪಿಕೋಸೆಕೆಂಡ್ ಚಿಲ್ಲರೆ. ಒಂದೊಂದು ಸಿಂಬಲ್ ಹತ್ತಿರ ಹತ್ತಿರ 85 ಸಿಂಬಲ್ ಜಾಗಕ್ಕೆ ಹರಡಿಕೊಂಡಿದೆ! ಆರನೇ ಹಂತದ ಸಣ್ಣ ಫಿಲ್ಟರ್‌ಗೆ ಇಷ್ಟು ಹರಡಿದ್ದನ್ನು ಒಟ್ಟುಮಾಡುವ ಶಕ್ತಿ ಇಲ್ಲ. ಹಾಗಾಗಿ ಇದು ಬೇರೆ ಹಂತ.

```python
c, lam, DL = 299792458.0, 1550e-9, 13.6
f = np.fft.fftfreq(len(s), 1/80e9)
H = np.exp(-1j*np.pi*lam**2*DL*f**2/c)
s = np.fft.ifft(np.fft.fft(s)*H)[1000:-1000]
```

`X`ಗೂ `Y`ಗೂ ಇದೇ ಫಿಲ್ಟರ್. ಇಡೀ ದಾಖಲೆಗೆ ಒಂದೇ ಎಫ್‌ಎಫ್‌ಟಿ ಹಾಕಿದ್ದರಿಂದ ಕೊನೆಯ ಸಿಂಬಲ್‌ಗಳು ಸುತ್ತಿಕೊಂಡು ಮೊದಲಿಗೆ ಬಂದಿರುತ್ತವೆ. ಅದಕ್ಕೇ ಎರಡೂ ತುದಿಯಲ್ಲಿ 1,000 ಸ್ಯಾಂಪಲ್ ಎಸೆದಿದ್ದು. ನಿಜವಾದ ಚಿಪ್‌ನಲ್ಲಿ ದಾಖಲೆಗೆ ಕೊನೆಯೇ ಇಲ್ಲ, ಅಲ್ಲಿ ತುಂಡು ತುಂಡಾಗಿ, ಒಂದರ ಮೇಲೊಂದು ಸ್ವಲ್ಪ ಹೊದಿಸಿ ಮಾಡುತ್ತಾರೆ.

ಇಲ್ಲಿ ಆಗುವ ತಪ್ಪು ಎರಡು. ಒಂದು ಮಾನದ್ದು. 13,600 ಪಿಕೋಸೆಕೆಂಡ್ ಪ್ರತಿ ನ್ಯಾನೋಮೀಟರ್ ಅನ್ನು ಸೆಕೆಂಡ್, ಮೀಟರ್‌ಗೆ ತಂದರೆ 13.6 ಆಗುತ್ತದೆ. 13600 ಎಂದೇ ಹಾಕಿದರೆ ಬರುವುದು ಬರೀ ಗದ್ದಲ. ಎರಡನೆಯದು ಚಿಹ್ನೆ. ಮೊದಲ ಹಂತದಲ್ಲಿ ಹೇಳಿದ ಹಾಗೆ `Q` ತಲೆಕೆಳಗಾಗಿದ್ದರೆ ನೀವು ನೋಡುತ್ತಿರುವುದು ಸಿಗ್ನಲ್‌ನ ಕನ್ನಡಿ ರೂಪ, ಅದರಲ್ಲಿ ಡಿಸ್ಪರ್ಶನ್‌ನ ಚಿಹ್ನೆಯೂ ಉಲ್ಟಾ. ಆಗ ಮೇಲಿನ ಫಿಲ್ಟರ್ ಡಿಸ್ಪರ್ಶನ್ ತೆಗೆಯುವ ಬದಲು ಇಮ್ಮಡಿ ಮಾಡುತ್ತದೆ. ನೇರ ಜೋಡಣೆಯಲ್ಲಿ ಚೆಂದದ ಚುಕ್ಕಿ ಬಂದು, ಫೈಬರ್ ಹಾಕಿದ ಕೂಡಲೇ ಎಲ್ಲ ಹಾಳಾದರೆ ಮೊದಲು ಇದನ್ನೇ ಅನುಮಾನಿಸಿ. `DL = -13.6` ಎಂದು ಹಾಕಿ ಸರಿಯಾದರೆ ಅಷ್ಟಕ್ಕೇ ಬಿಡಬೇಡಿ, ಕೇಬಲ್ ಅದಲುಬದಲಾಗಿರುವುದನ್ನು ಸರಿಮಾಡಿ.

ಹೋಗಲಿ, ಫೈಬರ್ ಉದ್ದ ಸರಿಯಾಗಿ ಗೊತ್ತಿಲ್ಲದಿದ್ದರೆ? ಕಿಲೋಮೀಟರಿಗೆ 17ರ ಬದಲು 16.5 ಇದ್ದರೂ 400ರಷ್ಟು ವ್ಯತ್ಯಾಸ ಬರುತ್ತದೆ. ಇದಕ್ಕೆ ಮುಂದಿನ ಹಂತದಲ್ಲೇ ಉತ್ತರ ಇದೆ.

## ಹಂತ 5: ಟೈಮಿಂಗ್, ಅದರ ಜೊತೆಗೇ ಡಿಸ್ಪರ್ಶನ್ ಪರೀಕ್ಷೆ

ಡಿಸ್ಪರ್ಶನ್ ತೆಗೆದ ಸಿಗ್ನಲ್‌ನ ಪವರ್, ಅಂದರೆ `abs(x)**2 + abs(y)**2`, ಇದರ ಸ್ಪೆಕ್ಟ್ರಂ ನೋಡಿ. 28 ಗಿಗಾಹರ್ಟ್ಜ್‌ನಲ್ಲಿ ಒಂದು ಚೂಪಾದ ಗೆರೆ ನಿಂತಿರಬೇಕು. ಅದು ಸಿಂಬಲ್ ಗಡಿಯಾರ. ಡಿಸ್ಪರ್ಶನ್ ಉಳಿದಿದ್ದರೆ ಗೆರೆ ಕುಗ್ಗುತ್ತದೆ, ಜಾಸ್ತಿ ಉಳಿದಿದ್ದರೆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಹಾಗಾಗಿ ಒಂದು ಲೂಪ್ ಬರೆಯಿರಿ. `DL` ಅನ್ನು 12.6ರಿಂದ 14.6 ತನಕ 0.1 ಹೆಜ್ಜೆಯಲ್ಲಿ ಬದಲಿಸುತ್ತ, ಪ್ರತಿ ಸಲ ಈ ಗೆರೆಯ ಎತ್ತರ ಗುರುತು ಹಾಕಿಕೊಳ್ಳಿ. ಎಲ್ಲಿ ಎತ್ತರ ಗರಿಷ್ಠವೋ ಅದೇ ನಿಮ್ಮ ದಾರಿಯ ಡಿಸ್ಪರ್ಶನ್. 0.2ರಷ್ಟು ಆಚೀಚೆ ಆದರೂ ಮುಂದಿನ ಹಂತ ಅದನ್ನು ನುಂಗಿಕೊಳ್ಳುತ್ತದೆ.

ಈ ಉಪಾಯಕ್ಕೆ ಒಂದು ಮಿತಿ ಇದೆ. ಸ್ಪೆಕ್ಟ್ರಂ ಅನ್ನು ತೀರಾ ಚೌಕವಾಗಿ ಕತ್ತರಿಸಿ ಕಳಿಸುವ ಸಿಗ್ನಲ್‌ಗಳಲ್ಲಿ ಈ ಗೆರೆ ಬಹಳ ಸಣ್ಣದು. ಕತ್ತರಿಸದ ನಮ್ಮ ಸಿಗ್ನಲ್‌ನಲ್ಲಿ ಸುಲಭವಾಗಿ ಕಾಣುತ್ತದೆ. ಹಾಗೆಯೇ, ಎರಡು ಪೋಲರೈಸೇಶನ್‌ಗಳ ನಡುವೆ ಅರ್ಧ ಸಿಂಬಲ್ ತಡ ಇದ್ದರೂ ಈ ಮೊತ್ತದಲ್ಲಿ ಗೆರೆ ಮಾಯವಾಗಬಹುದು. ಆಗ ಮೊತ್ತದ ಬದಲು `abs(x)**2` ಒಂದರದ್ದೇ ಸ್ಪೆಕ್ಟ್ರಂ ನೋಡಿ, ಅಲ್ಲೂ ಗೆರೆ ಇಲ್ಲದಿದ್ದರೆ ಪೋಲರೈಸೇಶನ್ ಕಂಟ್ರೋಲರ್ ಸ್ವಲ್ಪ ತಿರುಗಿಸಿ ಇನ್ನೊಂದು ಫೈಲ್ ತೆಗೆದುಕೊಳ್ಳಿ.

ಇನ್ನು ಗಡಿಯಾರದ ವ್ಯತ್ಯಾಸ. ಕಳಿಸುವವರ ಗಡಿಯಾರಕ್ಕೂ ಸ್ಕೋಪ್ ಗಡಿಯಾರಕ್ಕೂ ಹತ್ತು ಲಕ್ಷಕ್ಕೆ 10ರಷ್ಟು ಅಂತರ ಇದ್ದರೆ 1,40,000 ಸಿಂಬಲ್ ಮುಗಿಯುವಷ್ಟರಲ್ಲಿ 1.4 ಸಿಂಬಲ್ ಜಾರಿರುತ್ತದೆ. ನೋಡುವುದು ಹೀಗೆ: ದಾಖಲೆಯನ್ನು 10 ತುಂಡು ಮಾಡಿ, ಪ್ರತಿ ತುಂಡಿನಲ್ಲೂ 28 ಗಿಗಾಹರ್ಟ್ಜ್ ಗೆರೆಯ ಫೇಸ್ ತೆಗೆಯಿರಿ. ಪ್ರತಿ ತುಂಡಿನ ಸಮಯ ಇಡೀ ದಾಖಲೆಯ ಆರಂಭದಿಂದಲೇ ಎಣಿಸಬೇಕು, ಇದನ್ನು ಮರೆತರೆ ಫೇಸ್‌ಗೆ ಅರ್ಥವಿಲ್ಲ. ಹತ್ತೂ ಒಂದೇ ಇದ್ದರೆ ಗಡಿಯಾರ ಸರಿ. ಮೊದಲಿಂದ ಕೊನೆಗೆ 360 ಡಿಗ್ರಿ ತಿರುಗಿದ್ದರೆ ಒಂದು ಸಿಂಬಲ್ ಜಾರಿದೆ. ಆ ಲೆಕ್ಕದಂತೆ ನಿಜವಾದ ಸಿಂಬಲ್ ವೇಗ ಕಂಡುಹಿಡಿದು, ಸ್ಯಾಂಪಲ್‌ಗಳನ್ನು ಇಂಟರ್ಪೊಲೇಟ್ ಮಾಡಿ. 10 ಮೆಗಾಹರ್ಟ್ಜ್ ರೆಫರೆನ್ಸ್ ಕೊಟ್ಟಿದ್ದರೆ ಈ ರಗಳೆಯೇ ಇಲ್ಲ, ಅಲ್ವಾ?

ಕೊನೆಗೆ ಸಿಂಬಲ್‌ಗೆ 2 ಸ್ಯಾಂಪಲ್ ಇರುವಂತೆ ಇಳಿಸಿ. 80ರಿಂದ 56ಕ್ಕೆ, ಅಂದರೆ `scipy.signal.resample_poly(s, 7, 10)`.

## ಹಂತ 6: ಪೋಲರೈಸೇಶನ್ ಬಿಡಿಸುವುದು

ಫೈಬರ್ ಒಳಗೆ ಹೋಗುವಾಗ ಬೇರೆಬೇರೆ ಇದ್ದ ಎರಡು ಪೋಲರೈಸೇಶನ್‌ಗಳು ಹೊರಬರುವಾಗ ಹೇಗೋ ಬೆರೆತಿರುತ್ತವೆ. ನಿಮ್ಮ `X` ತಂತಿಯಲ್ಲಿ ಎರಡೂ ಡೇಟಾ ಇದೆ, `Y` ತಂತಿಯಲ್ಲೂ ಎರಡೂ ಇದೆ. ನಾಲ್ಕು ಸಣ್ಣ ಫಿಲ್ಟರ್‌ಗಳನ್ನು ಚಿಟ್ಟೆಯ ಆಕಾರದಲ್ಲಿ ಜೋಡಿಸಿ ಇವನ್ನು ಬಿಡಿಸುತ್ತಾರೆ. ಫಿಲ್ಟರ್‌ಗೆ ದಾರಿ ತೋರಿಸುವುದು ಸಿಎಂಎ: ಕ್ಯೂಪಿಎಸ್‌ಕೆಯ ನಾಲ್ಕೂ ಚುಕ್ಕಿ ಕೇಂದ್ರದಿಂದ ಒಂದೇ ದೂರದಲ್ಲಿವೆ. ಹಾಗಾಗಿ ಔಟ್‌ಪುಟ್‌ನ ಉದ್ದ 1 ಆಗುವ ತನಕ ಟ್ಯಾಪ್‌ಗಳನ್ನು ತಿದ್ದುತ್ತ ಹೋಗುವುದು. ಫೇಸ್ ಎಷ್ಟು ಸುತ್ತುತ್ತಿದ್ದರೂ ಇದಕ್ಕೆ ಲೆಕ್ಕವಿಲ್ಲ, ಅದೇ ಅನುಕೂಲ.

```python
hx = np.zeros((2, 13), complex); hx[0, 6] = 1
hy = np.zeros((2, 13), complex); hy[1, 6] = 1
mu = 1e-3
for k in range(n):
    u = r[:, 2*k:2*k+13]
    x, y = np.sum(hx*u), np.sum(hy*u)
    hx += mu*(1-abs(x)**2)*x*np.conj(u)
    if k == 10000:
        hy[0] = -np.conj(hx[1][::-1])
        hy[1] =  np.conj(hx[0][::-1])
    elif k > 10000:
        hy += mu*(1-abs(y)**2)*y*np.conj(u)
```

`r` ಅಂದರೆ `X`, `Y` ಎರಡು ಸಾಲಿನ ಸಿಗ್ನಲ್, ಪ್ರತಿ ಸಾಲಿನ ಸರಾಸರಿ ಪವರ್ 1 ಇರಬೇಕು. ಅದನ್ನು ಮರೆತರೆ `mu` ಅರ್ಥವೇ ಬದಲಾಗಿ ಟ್ಯಾಪ್‌ಗಳು ಸಿಡಿದುಹೋಗುತ್ತವೆ. ಒಮ್ಮೆ ಹೀಗೆ ಓಡಿಸಿ ಟ್ಯಾಪ್ ಕಲಿತ ಮೇಲೆ, ಆ ಟ್ಯಾಪ್‌ಗಳಿಂದಲೇ ಮೊದಲಿಂದ ಎರಡನೇ ಸಲ ಓಡಿಸಿ. ಈ ಸಲ ಎರಡೂ ಫಿಲ್ಟರ್ ಮೊದಲ ಸಿಂಬಲ್‌ನಿಂದಲೇ ತಿದ್ದಿಕೊಳ್ಳಲಿ. ಔಟ್‌ಪುಟ್ ಇಟ್ಟುಕೊಳ್ಳುವುದು ಆ ಎರಡನೇ ಸಲದ್ದು.

ಮೇಲಿನ ಕೋಡ್‌ನಲ್ಲಿ `k == 10000` ಸಾಲು ಯಾಕೆ? ಸಿಎಂಎಗೆ ಎರಡು ಔಟ್‌ಪುಟ್ ಬೇರೆಬೇರೆ ಇರಬೇಕು ಎಂದು ಯಾರೂ ಹೇಳಿಲ್ಲ. ಉದ್ದ 1 ಇದ್ದರೆ ಅದಕ್ಕೆ ತೃಪ್ತಿ. ಹಾಗಾಗಿ ಎರಡೂ ಫಿಲ್ಟರ್‌ಗಳು ಒಂದೇ ಪೋಲರೈಸೇಶನ್ ಹಿಡಿದು ಕೂರಬಹುದು. ಆಗ ಎರಡೂ ಕಡೆ ಚೆಂದದ ಚುಕ್ಕಿ, ಇನ್ನೊಂದು ಪೋಲರೈಸೇಶನ್ ಡೇಟಾ ಮಾತ್ರ ಎಲ್ಲೂ ಇಲ್ಲ. ಇದನ್ನು ತಪ್ಪಿಸಲು ಮೊದಲು `X` ಫಿಲ್ಟರ್ ಮಾತ್ರ ಕಲಿಯಲು ಬಿಟ್ಟು, ಅದಕ್ಕೆ ಲಂಬವಾದ ಟ್ಯಾಪ್‌ಗಳನ್ನು ಲೆಕ್ಕಹಾಕಿ `Y` ಫಿಲ್ಟರ್‌ಗೆ ಕೊಡುತ್ತೇವೆ. ಆಮೇಲೆ ಅದೂ ಸ್ವತಂತ್ರವಾಗಿ ಕಲಿಯುತ್ತದೆ.

ಆದರೂ ಪರೀಕ್ಷಿಸಿ. `x` ಮತ್ತು `y` ಔಟ್‌ಪುಟ್‌ಗಳನ್ನು ±20 ಸಿಂಬಲ್ ಜರುಗಿಸುತ್ತ ಪರಸ್ಪರ ಹೋಲಿಕೆ ಲೆಕ್ಕಹಾಕಿ. ಎಲ್ಲೂ ಎದ್ದು ಕಾಣುವ ಶಿಖರ ಇರಬಾರದು. 1ರ ಹತ್ತಿರ ಶಿಖರ ಬಂದರೆ ಎರಡೂ ಒಂದೇ ಡೇಟಾ. ಇಲ್ಲೊಂದು ಗಮನಿಸಬೇಕಾದ ವಿಷಯ: ಅನೇಕ ಲ್ಯಾಬ್‌ಗಳಲ್ಲಿ ಒಂದೇ ಡೇಟಾವನ್ನು ಎರಡು ಭಾಗ ಮಾಡಿ, ಒಂದನ್ನು ತಡಮಾಡಿ ಎರಡನೇ ಪೋಲರೈಸೇಶನ್ ಮಾಡುತ್ತಾರೆ. ಅಂಥ ಕಡೆ ಆ ತಡದ ಜಾಗದಲ್ಲಿ ಶಿಖರ ಬರುವುದು ಸಹಜ. ತಡ ಎಷ್ಟು ಸಿಂಬಲ್ ಎಂದು ಮೊದಲೇ ತಿಳಿದಿರಲಿ.

ಸರಿಯಾಗಿದೆ ಎಂಬ ಗುರುತು: ಈ ಹಂತ ಮುಗಿದಾಗ ಕಾಣಬೇಕಾದ್ದು ನಾಲ್ಕು ಚುಕ್ಕಿ ಅಲ್ಲ, ಉಂಗುರ. ಫ್ರೀಕ್ವೆನ್ಸಿ ವ್ಯತ್ಯಾಸ ಇನ್ನೂ ಇರುವುದರಿಂದ ಚುಕ್ಕಿಗಳು ಗಿರಗಿರ ಸುತ್ತುತ್ತಿವೆ. ಉಂಗುರ ತೆಳ್ಳಗಿದ್ದು ನಡುವೆ ಖಾಲಿ ಇದ್ದರೆ ಕೆಲಸ ಚೆನ್ನಾಗಿ ಆಗಿದೆ. ಇಲ್ಲಿ ಚುಕ್ಕಿ ಕಾಣಲಿಲ್ಲ ಎಂದು ಸಿಎಂಎ ತಿದ್ದಲು ಕೂತವರು ಬಹಳ ಜನ. ನಡುಭಾಗವೂ ತುಂಬಿ ತಟ್ಟೆಯಂತೆ ಕಂಡರೆ ಮಾತ್ರ ಹಿಂದಕ್ಕೆ ಹೋಗಿ: ಮೊದಲು ಐದನೇ ಹಂತದ ಗೆರೆ, ಆಮೇಲೆ ಸ್ಕ್ಯೂ.

ಟ್ಯಾಪ್‌ಗಳ ಎತ್ತರವನ್ನೂ ಒಮ್ಮೆ ಬಿಡಿಸಿ ನೋಡಿ. ದೊಡ್ಡ ಟ್ಯಾಪ್‌ಗಳು ನಡುವೆ ಇರಬೇಕು. ಒಂದು ತುದಿಗೆ ಸರಿದಿದ್ದರೆ ಗಡಿಯಾರ ಜಾರುತ್ತಿದೆ. ಎರಡೂ ತುದಿಯ ಟ್ಯಾಪ್ ದೊಡ್ಡದಾಗಿದ್ದರೆ ಡಿಸ್ಪರ್ಶನ್ ಉಳಿದಿದೆ.

## ಹಂತ 7: ಉಳಿದ ಫ್ರೀಕ್ವೆನ್ಸಿ ತೆಗೆಯುವುದು

ಕ್ಯೂಪಿಎಸ್‌ಕೆ ಸಿಂಬಲ್ ಅನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ ಡೇಟಾ ಅಳಿಸಿಹೋಗಿ, ವ್ಯತ್ಯಾಸದ ನಾಲ್ಕರಷ್ಟು ಫ್ರೀಕ್ವೆನ್ಸಿಯ ಒಂದೇ ಗೆರೆ ಉಳಿಯುತ್ತದೆ.

```python
f = np.fft.fftfreq(len(x), 1/28e9)
df = f[np.argmax(abs(np.fft.fft(x**4)))]/4
x = x*np.exp(-2j*np.pi*df*np.arange(len(x))/28e9)
```

ನಾಲ್ಕರಿಂದ ಭಾಗಿಸಿದ್ದರಿಂದ ಈ ಅಳತೆಯ ವ್ಯಾಪ್ತಿ ±3.5 ಗಿಗಾಹರ್ಟ್ಜ್ ಮಾತ್ರ, ಅಂದರೆ ಸಿಂಬಲ್ ವೇಗದ ಎಂಟನೇ ಒಂದು ಪಾಲು. ನಿಜವಾದ ವ್ಯತ್ಯಾಸ 4.2 ಇದ್ದರೆ ಲೆಕ್ಕ −2.8 ಎಂದು ತೋರಿಸುತ್ತದೆ. 7 ಗಿಗಾಹರ್ಟ್ಜ್ ತಪ್ಪು. 7 ಗಿಗಾಹರ್ಟ್ಜ್ ಎಂದರೆ ಪ್ರತಿ ಸಿಂಬಲ್‌ಗೂ ಸರಿಯಾಗಿ 90 ಡಿಗ್ರಿ ತಿರುಗು. ಚುಕ್ಕಿಗಳು 90 ಡಿಗ್ರಿ ತಿರುಗಿದರೆ ಮತ್ತೆ ಚುಕ್ಕಿಗಳ ಜಾಗದಲ್ಲೇ ಕೂರುತ್ತವೆ! ಕಾನ್‌ಸ್ಟಲೇಶನ್ ಅದ್ಭುತವಾಗಿ ಕಾಣುತ್ತದೆ, ಬಿಟ್‌ಗಳು ಅರ್ಧಕ್ಕರ್ಧ ತಪ್ಪು. ಮೊದಲಲ್ಲೇ ಹೇಳಿದ ಎರಡನೇ ತೊಂದರೆಯ ಮುಖ್ಯ ಕಾರಣ ಇದೇ. ಮೂರನೇ ಹಂತದಲ್ಲಿ ಸ್ಪೆಕ್ಟ್ರಂ ನಡುವಿಗೆ ತಂದಿದ್ದರೆ ಹೀಗಾಗುವುದಿಲ್ಲ. ಅನುಮಾನ ಬಂದರೆ `x*1j**np.arange(len(x))` ಮತ್ತು `x*(-1j)**np.arange(len(x))` ಎರಡನ್ನೂ ಪ್ರಯತ್ನಿಸಿ ಬಿಟ್ ಎಣಿಸಿ, ಯಾವುದಾದರೂ ಒಂದರಲ್ಲಿ ಎಲ್ಲ ಸರಿಹೋದರೆ ಕಾರಣ ಸಿಕ್ಕಿತು.

`x` ಮತ್ತು `y` ಎರಡಕ್ಕೂ ಬೇರೆಬೇರೆಯಾಗಿ ಲೆಕ್ಕಹಾಕಿ ಹೋಲಿಸಿ. ಲೇಸರ್‌ಗಳು ಅವೇ ಎರಡು, ಹಾಗಾಗಿ ಉತ್ತರವೂ ಒಂದೇ ಬರಬೇಕು. ಬೇರೆ ಬಂದರೆ ಆರನೇ ಹಂತ ವಿಫಲವಾಗಿದೆ.

## ಹಂತ 8: ಫೇಸ್ ತೆಗೆಯುವುದು

ಈಗ ಉಳಿದಿರುವುದು ಲೇಸರ್‌ಗಳ ಸ್ವಂತ ನಡುಕ. ಇಲ್ಲೂ ನಾಲ್ಕನೇ ಘಾತವೇ. ಅಕ್ಕಪಕ್ಕದ ಕೆಲವು ಸಿಂಬಲ್‌ಗಳ ನಾಲ್ಕನೇ ಘಾತದ ಸರಾಸರಿ ತೆಗೆದು, ಅದರ ಕೋನವನ್ನು ನಾಲ್ಕರಿಂದ ಭಾಗಿಸಿ ಕಳೆಯುವುದು. ವಿಟರ್ಬಿ-ವಿಟರ್ಬಿ ವಿಧಾನ ಎಂದರೆ ಇದೇ.

```python
w = 33
p = np.convolve(x**4, np.ones(w), 'same')
ph = np.unwrap(np.angle(-p))/4
x = x*np.exp(-1j*ph)
```

`w` ಎಷ್ಟಿರಬೇಕು? ತಲಾ 100 ಕಿಲೋಹರ್ಟ್ಜ್ ಲೇಸರ್ ಎರಡು ಸೇರಿದರೆ ಫೇಸ್ ಒಂದು ಸಿಂಬಲ್‌ಗೆ ಸರಾಸರಿ 0.4 ಡಿಗ್ರಿ ಅಲೆಯುತ್ತದೆ, 32 ಸಿಂಬಲ್‌ಗೆ ಸುಮಾರು 2 ಡಿಗ್ರಿ. ಅಷ್ಟು ಅಡ್ಡಿಯಿಲ್ಲ. ಕಿಟಕಿ ಇನ್ನೂ ದೊಡ್ಡದು ಮಾಡಿದರೆ ಅಲೆದಾಟ ಹಿಡಿಯಲು ಆಗುವುದಿಲ್ಲ, ಚುಕ್ಕಿಗಳು ಬಾಳೆಹಣ್ಣಿನಂತೆ ಬಾಗುತ್ತವೆ. ಚಿಕ್ಕದು ಮಾಡಿದರೆ ಗದ್ದಲ ಜಾಸ್ತಿಯಾಗಿ, ಕೋನ ಬಿಡಿಸುವಾಗ ತಪ್ಪಿ ಒಮ್ಮೆಲೇ 90 ಡಿಗ್ರಿ ಜಿಗಿಯುತ್ತದೆ. ಇದು ಸೈಕಲ್ ಸ್ಲಿಪ್. ಅಲ್ಲಿಂದ ಮುಂದಿನ ಎಲ್ಲ ಬಿಟ್‌ಗಳಿಗೂ ಏಟು.

ಸ್ಲಿಪ್ ಕೂಡ ಕಾನ್‌ಸ್ಟಲೇಶನ್‌ನಲ್ಲಿ ಕಾಣುವುದಿಲ್ಲ. `ph` ಬಿಡಿಸಿ, ಮೆಟ್ಟಿಲಿನಂತೆ ಹಠಾತ್ ಏರಿದ ಜಾಗ ಹುಡುಕಿ.

## ಹಂತ 9: ಬಿಟ್ ಎಣಿಸುವುದು

ಕಳಿಸಿದ ಡೇಟಾ ನಿಮಗೆ ಗೊತ್ತಿದೆ. ಬಂದ ಸಿಂಬಲ್‌ಗಳೊಂದಿಗೆ ಕೋರಿಲೇಶನ್ ಮಾಡಿ ಶುರು ಎಲ್ಲಿದೆ ಎಂದು ಹುಡುಕಿ. `x` ಔಟ್‌ಪುಟ್‌ನಲ್ಲಿ ಕಳಿಸಿದ `Y` ಡೇಟಾ ಬಂದಿರಬಹುದು, ಸಿಎಂಎಗೆ ಯಾವುದು ಯಾವುದೆಂದು ಗೊತ್ತಿಲ್ಲ. ಹಾಗಾಗಿ ಎರಡರೊಂದಿಗೂ ಹೋಲಿಸಿ. 0, 90, 180, 270 ಡಿಗ್ರಿ ನಾಲ್ಕನ್ನೂ ನೋಡಿ.

ಬಿಇಆರ್ ಅನ್ನು ಇಡೀ ದಾಖಲೆಗೆ ಒಂದೇ ಅಂಕಿಯಾಗಿ ತೆಗೆಯಬೇಡಿ. 1,000 ಸಿಂಬಲ್‌ನ ತುಂಡುಗಳಾಗಿ ತೆಗೆದು ಸಾಲಾಗಿ ಬಿಡಿಸಿ. ಆ ಚಿತ್ರ ನೋಡಿದರೆ ರೋಗ ಗೊತ್ತಾಗುತ್ತದೆ:

- ಎಲ್ಲ ಕಡೆ 0.5: ಡೇಟಾ ಹೊಂದಿಕೆ ತಪ್ಪು, ಪೋಲರೈಸೇಶನ್ ತಪ್ಪು, ಅಥವಾ ಏಳನೇ ಹಂತದ 7 ಗಿಗಾಹರ್ಟ್ಜ್ ತಪ್ಪು.
- ಒಂದು ಜಾಗದ ತನಕ ಸರಿ, ಅಲ್ಲಿಂದ ಥಟ್ಟನೆ 0.5: ಸೈಕಲ್ ಸ್ಲಿಪ್. ಥಟ್ಟನೆ 1 ಆದರೆ 180 ಡಿಗ್ರಿ ಜಿಗಿತ.
- ನಿಧಾನವಾಗಿ ಏರುತ್ತ ಹೋಗುವುದು: ಗಡಿಯಾರ ಜಾರುತ್ತಿದೆ, ಸಿಎಂಎ ಹಿಂದೆ ಬೀಳುತ್ತಿದೆ.
- ಎಲ್ಲ ಕಡೆ ಸಮ, ಆದರೆ ಜಾಸ್ತಿ: ಗದ್ದಲ. ಇದೊಂದೇ ಪ್ರೋಗ್ರಾಂನ ತಪ್ಪಲ್ಲದ್ದು.

ಡಿಫರೆನ್ಶಿಯಲ್ ಕೋಡಿಂಗ್ ಬಳಸಿದರೆ ಸ್ಲಿಪ್ ಆದ ಜಾಗದಲ್ಲಿ ಮಾತ್ರ ತಪ್ಪಾಗಿ ಮುಂದಿನದು ಸರಿಹೋಗುತ್ತದೆ. ಬದಲಿಗೆ ಉಳಿದ ಕಡೆ ತಪ್ಪುಗಳು ಸುಮಾರು ಎರಡರಷ್ಟಾಗುತ್ತವೆ.

## ಹಂತ 10: ಬಂದ ಅಂಕಿ ಒಳ್ಳೆಯದೋ ಅಲ್ಲವೋ

7 ಶೇಕಡಾ ಹೆಚ್ಚುವರಿ ಬಿಟ್ ಇರುವ ಹಾರ್ಡ್ ಡಿಸಿಷನ್ ತಿದ್ದುಪಡಿ ಕೋಡ್‌ಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 0.0038. ಆ ಬಿಇಆರ್‌ಗೆ ಲೆಕ್ಕದ ಪ್ರಕಾರ ಪ್ರತಿ ಸಿಂಬಲ್‌ನ ಸಿಗ್ನಲ್-ಗದ್ದಲ ಅನುಪಾತ 8.5 ಡೆಸಿಬೆಲ್ ಬೇಕು. ಸ್ಪೆಕ್ಟ್ರಂ ಅನಲೈಸರ್‌ನ 0.1 ನ್ಯಾನೋಮೀಟರ್, ಅಂದರೆ 12.5 ಗಿಗಾಹರ್ಟ್ಜ್ ಅಳತೆಗೆ ತಂದರೆ 28 ಭಾಗ 12.5, ಇನ್ನೊಂದು 3.5 ಡೆಸಿಬೆಲ್ ಸೇರುತ್ತದೆ. ಒಟ್ಟು ಓಎಸ್‌ಎನ್‌ಆರ್ 12 ಡೆಸಿಬೆಲ್.

ಫೈಬರ್ ಇಲ್ಲದೆ, ಗದ್ದಲ ಬೆರೆಸುತ್ತ ಅಳೆಯಿರಿ. 13–14 ಡೆಸಿಬೆಲ್‌ನಲ್ಲಿ ಈ ಮಿತಿ ಮುಟ್ಟಿದರೆ ರಿಸೀವರ್ ಚೆನ್ನಾಗಿದೆ. 17 ಬೇಕಾದರೆ ಸ್ಕ್ಯೂ ಮತ್ತು ಸ್ಕೋಪ್ ಸ್ಕೇಲ್ ಮತ್ತೆ ನೋಡಿ. ಗದ್ದಲ ಎಷ್ಟು ಕಡಿಮೆ ಮಾಡಿದರೂ ಬಿಇಆರ್ ಒಂದು ಮಟ್ಟದಲ್ಲೇ ನಿಂತುಬಿಟ್ಟರೆ ಅದು ಗದ್ದಲದ ಸಮಸ್ಯೆಯಲ್ಲ, ಯಾವುದೋ ಹಂತ ಅರ್ಧಂಬರ್ಧ ಆಗಿದೆ.

800 ಕಿಲೋಮೀಟರ್ ದಾರಿಯಲ್ಲಿ ತುಂಡಿಗೆ 16 ಡೆಸಿಬೆಲ್ ನಷ್ಟ, ಆಂಪ್ಲಿಫೈಯರ್‌ನ ನಾಯ್ಸ್ ಫಿಗರ್ 5 ಎಂದುಕೊಂಡು 0 ಡಿಬಿಎಂ ಕಳಿಸಿದರೆ: 58 − 16 − 5 − 10, ಅಂದರೆ ಸುಮಾರು 27 ಡೆಸಿಬೆಲ್ ಸಿಗಬೇಕು. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಹಿಡಿದ 5 ಲಕ್ಷ ಚಿಲ್ಲರೆ ಬಿಟ್‌ಗಳಲ್ಲಿ ತಪ್ಪೇ ಸಿಗದಿರಬಹುದು. ಸೊನ್ನೆ ತಪ್ಪು ಎಂದು ಬರೆದುಕೊಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ರಿಸೀವರ್ ಮುಂದೆ ಗದ್ದಲ ಬೆರೆಸಿ, ಬಿಇಆರ್ 0.0038 ಹತ್ತಿರ ತಂದು, ಆಗಿನ ಓಎಸ್‌ಎನ್‌ಆರ್ ಅನ್ನು ಫೈಬರ್ ಇಲ್ಲದ ಅಳತೆಯ ಜೊತೆ ಹೋಲಿಸಿ. ಆ ವ್ಯತ್ಯಾಸವೇ ಫೈಬರ್ ಹೇರಿದ ದಂಡ.

ದಂಡ ಅರ್ಧ ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಪ್ರೋಗ್ರಾಂ ತನ್ನ ಕೆಲಸ ಮಾಡುತ್ತಿದೆ. ಜಾಸ್ತಿ ಬಂದರೆ ಕಳಿಸುವ ಪವರ್ ಅನ್ನು 2 ಡೆಸಿಬೆಲ್ ಇಳಿಸಿ ಮತ್ತೆ ಅಳೆಯಿರಿ. ದಂಡ ಕಡಿಮೆಯಾದರೆ ಫೈಬರ್‌ನ ನಾನ್‌ಲಿನಿಯರ್ ಪರಿಣಾಮ, ಮೇಲಿನ ಹತ್ತು ಹಂತಗಳು ಅದನ್ನು ತೆಗೆಯುವುದಿಲ್ಲ, ಕಡಿಮೆ ಪವರ್‌ನಲ್ಲೇ ಇರಿ. ಕಡಿಮೆಯಾಗದಿದ್ದರೆ ಐದನೇ ಹಂತಕ್ಕೆ ಹೋಗಿ `DL` ಹುಡುಕಾಟವನ್ನು ಇನ್ನೂ ಸಣ್ಣ ಹೆಜ್ಜೆಯಲ್ಲಿ ಮಾಡಿ, ಆಮೇಲೆ ಸಿಎಂಎ ಟ್ಯಾಪ್‌ಗಳನ್ನು 13ರಿಂದ 21ಕ್ಕೆ ಏರಿಸಿ ನೋಡಿ.